ಒಂದು ಫೋನು, ಏಳು ಇ-ಸಿಮ್: ಒಂದನ್ನೂ ಕಳೆದುಕೊಳ್ಳದೆ ಇಟ್ಟುಕೊಂಡ ಬಗೆ

ನನ್ನ ಫೋನಿನಲ್ಲಿ ಈಗ ಏಳು ಇ-ಸಿಮ್ ಪ್ರೊಫೈಲುಗಳಿವೆ. ಎರಡು ಚಾಲೂ ಇವೆ, ಐದು ಮಲಗಿವೆ. ಹತ್ತಿರಹತ್ತಿರ ಎರಡು ವರ್ಷದಿಂದ ಇದೇ ಏರ್ಪಾಟು ನಡೆಯುತ್ತಿದೆ, ಕೈತಪ್ಪಿ ಒಂದೂ ಅಳಿದಿಲ್ಲ. ಶುರು ಮಾಡಿದಾಗ ಜೊತೆಯವರು ಯಾರೂ ಒಪ್ಪಿರಲಿಲ್ಲ. "ಪ್ಲಾಸ್ಟಿಕ್ ಸಿಮ್ಮನ್ನಾದರೆ ಡಬ್ಬಿಯಲ್ಲಿ ಹಾಕಿಡಬಹುದು, ಇದು ಒಂದು ಒತ್ತಿಗೆ ಮಾಯ" ಎನ್ನುತ್ತಿದ್ದರು. ಹೆಚ್ಚು ಪ್ರೊಫೈಲ್ ಇಟ್ಟರೆ ಬ್ಯಾಟರಿ ಬೇಗ ಖಾಲಿ ಎಂದವರೂ ಇದ್ದರು. ಬ್ಯಾಟರಿಯ ಮಾತು ಸುಳ್ಳು. ಆಫ್ ಇರುವ ಪ್ರೊಫೈಲ್ ನೆಟ್‌ವರ್ಕನ್ನು ಹುಡುಕುವುದೇ ಇಲ್ಲ, ಸುಮ್ಮನೆ ಚಿಪ್ಪಿನಲ್ಲಿ ಬಿದ್ದಿರುತ್ತದೆ. ಆದರೆ ಮಾಯವಾಗುವ ಮಾತು ನಿಜ. ಹಾಗೆ ಕಳೆದುಕೊಂಡವರನ್ನು ಬೇಕಾದಷ್ಟು ನೋಡಿದ್ದೇನೆ. ಅವರದು ಹೇಗೆ ಹೋಯಿತು ಎಂದು ಕೆದಕಿ ನೋಡಿದ ಮೇಲೆಯೇ ನನ್ನ ಪದ್ಧತಿ ರೂಪುಗೊಂಡದ್ದು.

ಇನ್‌ಸ್ಟಾಲ್ ಮಾಡುವುದು ಎಲ್ಲರಿಗೂ ಗೊತ್ತು, ಅದನ್ನು ಬಿಡುತ್ತೇನೆ.

ಪ್ರೊಫೈಲ್ ಅಳಿಯುವುದು ಬೆರಳು ಜಾರಿ ಎಂದು ಬಹಳ ಜನ ಭಾವಿಸಿದ್ದಾರೆ. ನಾನು ಕಂಡ ಪ್ರಕರಣಗಳಲ್ಲಿ ಹೆಚ್ಚಿನವು ಹಾಗಲ್ಲ. ಬೇಕೆಂದೇ ಅಳಿಸಿದ್ದಾರೆ, ಅಳಿಸಿದ್ದು ಮಾತ್ರ ಬೇರೆಯದನ್ನು. ಒಬ್ಬ ಸಹೋದ್ಯೋಗಿಯ ಕತೆ ಹೇಳುತ್ತೇನೆ. ಪ್ರಯಾಣಕ್ಕೆಂದು ಒಂದೇ ಮಾರಾಟಗಾರರಿಂದ ಎರಡು ಸಲ ಡೇಟಾ ಇ-ಸಿಮ್ ಕೊಂಡಿದ್ದರು. ಮೊದಲನೆಯದರ ಅವಧಿ ಮುಗಿದಿತ್ತು, ಎರಡನೆಯದರಲ್ಲಿ ಮುಕ್ಕಾಲು ಪಾಲು ಡೇಟಾ ಉಳಿದಿತ್ತು. ಪಟ್ಟಿಯಲ್ಲಿ ಎರಡಕ್ಕೂ ಒಂದೇ ಹೆಸರು, ಎರಡೂ ಆಫ್. ಮೇಲಿರುವುದು ಹಳೆಯದಿರಬೇಕು ಎಂಬ ಅಂದಾಜಿನ ಮೇಲೆ ಅದನ್ನು ಅಳಿಸಿದರು. ಹೋದದ್ದು ಹೊಸದು. ಅವಧಿ ಮುಗಿದರೂ ಪ್ರೊಫೈಲ್ ತಾನಾಗಿ ಹೋಗುವುದಿಲ್ಲ, ಸತ್ತದ್ದೂ ಬದುಕಿದ್ದೂ ಪಟ್ಟಿಯಲ್ಲಿ ಒಂದೇ ಥರ ಕಾಣುತ್ತವೆ. ಅಳಿಯುವುದರ ಮೂಲ ಇಲ್ಲಿದೆ.

ಹಾಗಾಗಿ ನಾನು ಮೊದಲು ಕೈಹಾಕಿದ್ದು ಹೆಸರಿಡುವುದಕ್ಕೆ. 'ಪರ್ಸನಲ್', 'ಟ್ರಾವೆಲ್' ಎಂದೆಲ್ಲ ಇಟ್ಟು ನೋಡಿದೆ. ಎರಡನೆಯ ಟ್ರಾವೆಲ್ ಬಂದ ದಿನವೇ ಆ ಕ್ರಮ ಮುರಿಯಿತು. ದೇಶದ ಹೆಸರು ಇಟ್ಟು ನೋಡಿದೆ. ಒಂದೇ ದೇಶಕ್ಕೆ ಎರಡನೆಯದು ಬಂದಾಗ ಅದೂ ಮುರಿಯಿತು. ಕೊನೆಗೆ ನಿಂತದ್ದು ICCID. ಪ್ರತಿ ಪ್ರೊಫೈಲಿಗೂ 89ರಿಂದ ಶುರುವಾಗುವ 19 ಅಥವಾ 20 ಅಂಕಿಯ ಸಂಖ್ಯೆ ಇರುತ್ತದಲ್ಲ, ಅದರ ಕೊನೆಯ ಐದು ಅಂಕಿಗಳನ್ನು ಹೆಸರಿನಲ್ಲಿ ಸೇರಿಸುತ್ತೇನೆ. ಮೊದಲಿನ ಅಂಕಿಗಳು ಉಪಯೋಗಕ್ಕೆ ಬರುವುದಿಲ್ಲ, ಒಂದೇ ಕಂಪನಿಯ ಪ್ರೊಫೈಲುಗಳಲ್ಲಿ ಅವು ಒಂದೇ ಆಗಿರುತ್ತವೆ. ಹೆಸರು ಹೀಗಿರುತ್ತದೆ: "ಮನೆ 44713 ಸದಾ", "ಕೆಲಸ 20186 ಸದಾ", "ಡೇಟಾ 09284 ಮಾರ್ಚ್". ಮೊದಲು ಅದು ಯಾವುದಕ್ಕೆಂದು ಹೇಳುವ ಪದ, ಆಮೇಲೆ ಅಂಕಿ, ಕೊನೆಗೆ ಅವಧಿ ಮುಗಿಯುವ ತಿಂಗಳು. ಚಾಲೂ ಇರುವ ಎರಡರ ಮೊದಲ ಅಕ್ಷರ ಬೇರೆಬೇರೆ ಇರುವಂತೆ ನೋಡಿಕೊಳ್ಳಿ. ಐಫೋನು ಎರಡು ಲೈನುಗಳನ್ನು ಗುರುತಿಸಲು ಹಲವು ಕಡೆ ಆ ಒಂದು ಅಕ್ಷರವನ್ನಷ್ಟೇ ತೋರಿಸುತ್ತದೆ.

ಪ್ರೊಫೈಲ್ ಇಳಿಸಿದ ತಕ್ಷಣವೇ ಹೆಸರು ಇಡಬೇಕು. ಸಂಜೆ ನೋಡೋಣ ಎಂದರೆ ಆಗಲೇ ಗೊಂದಲ ಶುರು. ಅದೇ ಹೊತ್ತಿಗೆ ಒಂದು ನೋಟಿನಲ್ಲಿ ಪೂರ್ತಿ ICCID, ಕೊಂಡ ಇಮೇಲ್ ವಿಳಾಸ, ಆರ್ಡರ್ ಸಂಖ್ಯೆ ಬರೆದಿಡುತ್ತೇನೆ. ಆ ನೋಟು ಫೋನಿನಲ್ಲಿ ಮಾತ್ರ ಇರಬಾರದು, ಬೇರೆ ಕಡೆಯೂ ಇರಬೇಕು.

ಇನ್ನು ಬದಲಾಯಿಸುವ ವಿಷಯ. ಐಫೋನ್ 13ರಿಂದ ಈಚೆಗೆ ಎರಡು ಇ-ಸಿಮ್ ಒಟ್ಟಿಗೆ ಚಾಲೂ ಇರಬಹುದು. ಅದಕ್ಕೆ ಮೊದಲು ಇ-ಸಿಮ್ ಇದ್ದ ಐಫೋನುಗಳಲ್ಲಿ ಒಂದು ಇ-ಸಿಮ್, ಜೊತೆಗೊಂದು ಪ್ಲಾಸ್ಟಿಕ್. ಆಂಡ್ರಾಯ್ಡಿನಲ್ಲಿ ಇದು ಮಾಡೆಲ್ ಮೇಲೆ ಹೋಗುತ್ತದೆ. ಒಟ್ಟು ಎಷ್ಟು ಇಟ್ಟುಕೊಳ್ಳಬಹುದು ಎಂಬುದಕ್ಕೆ ಆಪಲ್ ಹೇಳುವುದು ಎಂಟು ಅಥವಾ ಹೆಚ್ಚು. ಅದು ಚಿಪ್ಪಿನ ಜಾಗಕ್ಕೆ ಬಿಟ್ಟದ್ದು. ನನ್ನ ನಿಯಮ ಸರಳ: ಬ್ಯಾಂಕಿನ ಒಟಿಪಿ ಬರುವ ನಂಬರು ಎಂದೂ ಆಫ್ ಆಗುವುದಿಲ್ಲ. ಆಫ್ ಆದ ಲೈನಿಗೆ ಕರೆಯೂ ಬರುವುದಿಲ್ಲ, ಎಸ್ಸೆಮ್ಮೆಸ್ಸೂ ಬರುವುದಿಲ್ಲ. ಎರಡನೆಯ ಜಾಗ ಮಾತ್ರ ಸರದಿಯಲ್ಲಿ ಬದಲಾಗುತ್ತದೆ. ಹೊಸದನ್ನು ಆನ್ ಮಾಡುವ ಮೊದಲು ಹಳೆಯದನ್ನು ನಾನೇ ಆಫ್ ಮಾಡುತ್ತೇನೆ. ಯಾವುದನ್ನು ಆಫ್ ಮಾಡಲಿ ಎಂದು ಫೋನ್ ಕೇಳುವಂತೆ ಮಾಡುವುದು ನನಗೆ ಇಷ್ಟವಿಲ್ಲ, ಅವಸರದಲ್ಲಿ ತಪ್ಪು ಉತ್ತರ ಕೊಡುವುದು ಅಲ್ಲೇ. ಆಫ್ ಮಾಡುವ ಗುಂಡಿಯೂ ಅಳಿಸುವ ಗುಂಡಿಯೂ ಒಂದೇ ಪರದೆಯಲ್ಲಿರುತ್ತವೆ. ಐಫೋನಿನಲ್ಲಿ `Turn On This Line` ಮೇಲೆ, `Delete eSIM` ಕೆಳಗೆ. ಬೇಕಾದದ್ದು ಮೇಲಿನದಷ್ಟೇ.

ಬದಲಾಯಿಸಿದ ಮೇಲೆ ದುಡ್ಡು ಸೋರುವ ಒಂದು ತೂತಿದೆ. ಯಾವ ಲೈನಿನ ಡೇಟಾ ಎಂದು ಆರಿಸಿದರೆ ಸಾಲದು, `Allow Cellular Data Switching` ಎಂಬುದು ಆಫ್ ಇದೆಯೇ ನೋಡಬೇಕು. ಅದು ಆನ್ ಇದ್ದು, ಮೂಲ ನಂಬರಿನ ರೋಮಿಂಗೂ ಆನ್ ಇದ್ದರೆ, ಅಗ್ಗದ ಲೈನಿನ ಸಿಗ್ನಲ್ ಕುಂದಿದಾಗ ಫೋನ್ ದುಬಾರಿ ಲೈನಿಗೆ ಹಾರುತ್ತದೆ. ನನ್ನ ಜೊತೆ ಬಂದಿದ್ದ ಒಬ್ಬರಿಗೆ ಒಂದೇ ರಾತ್ರಿಯ ಫೋಟೊ ಬ್ಯಾಕಪ್ಪು ಪ್ರಯಾಣದ ಇ-ಸಿಮ್ಮಿನ ಬೆಲೆಯ ಐದಾರು ಪಟ್ಟು ಬಿಲ್ಲು ತಂದಿತ್ತು. ರೋಮಿಂಗ್ ಗುಂಡಿ ಪ್ರತಿ ಲೈನಿಗೂ ಬೇರೆಬೇರೆ. ಪ್ರಯಾಣದ ಲೈನಿಗೆ ಆನ್, ಮೂಲ ನಂಬರಿಗೆ ಆಫ್. ಇಷ್ಟು ಮಾಡಿದರೂ ಮೂಲ ನಂಬರಿಗೆ ಒಟಿಪಿ ಎಸ್ಸೆಮ್ಮೆಸ್ ಬರುತ್ತಲೇ ಇರುತ್ತದೆ, ನಿಮ್ಮ ಕಂಪನಿ ಅಲ್ಲಿ ರೋಮಿಂಗ್ ಕೊಟ್ಟಿರಬೇಕು ಅಷ್ಟೆ.

ಅಳಿಸುವುದಕ್ಕೆ ಬರೋಣ. ನನ್ನ ಫೋನಿನಲ್ಲಿ ಯಾವ ಪ್ರೊಫೈಲೂ ಮುಗಿದ ದಿನ ಅಳಿಯುವುದಿಲ್ಲ. ಮೊದಲು ಹೆಸರಿನ ಮುಂದೆ "ಮುಗಿದ" ಎಂದು ಸೇರಿಸಿ ಆಫ್ ಮಾಡುತ್ತೇನೆ. ಹೆಚ್ಚುಕಡಿಮೆ ಒಂದು ತಿಂಗಳು ಹಾಗೇ ಬಿಡುತ್ತೇನೆ. ಕೆಲವು ಮಾರಾಟಗಾರರು ಅದೇ ಪ್ರೊಫೈಲಿಗೆ ಮತ್ತೆ ಡೇಟಾ ತುಂಬಿಸಲು ಬಿಡುತ್ತಾರೆ, ಹೊಸದು ಕೊಳ್ಳುವುದಕ್ಕಿಂತ ಅದು ಅಗ್ಗಕ್ಕೆ ಬಿದ್ದದ್ದುಂಟು. ತಿಂಗಳಾದ ಮೇಲೂ ಬೇಡವೆನಿಸಿದರೆ ಅದನ್ನು ಒಮ್ಮೆ ಆನ್ ಮಾಡಿ, `About` ಪುಟದಲ್ಲಿ ICCIDಯ ಕೊನೆಯ ಅಂಕಿಗಳನ್ನು ನೋಟಿಗೆ ತಾಳೆ ನೋಡಿ, ಆಮೇಲೆ ಅಳಿಸುತ್ತೇನೆ. ಆನ್ ಮಾಡಿ ನೋಡದ ಪ್ರೊಫೈಲನ್ನು ಅಳಿಸುವುದಿಲ್ಲ ಎಂಬ ಈ ಒಂದು ಕಟ್ಟುಪಾಡೇ ಆ ಸಹೋದ್ಯೋಗಿಯ ಇ-ಸಿಮ್ಮನ್ನು ಉಳಿಸುತ್ತಿತ್ತು. ಆಂಡ್ರಾಯ್ಡಿನಲ್ಲಿ ಇನ್ನೊಂದು ಬೀಗವಿದೆ: ಸೆಟ್ಟಿಂಗ್ಸಿನ ಹುಡುಕುವ ಜಾಗದಲ್ಲಿ `Confirm SIM deletion` ಎಂದು ಹಾಕಿ. ಪಿಕ್ಸೆಲ್‌ನಂಥ ಫೋನುಗಳಲ್ಲಿ ಸಿಗುತ್ತದೆ. ಅದನ್ನು ಆನ್ ಮಾಡಿದರೆ ಬೆರಳಚ್ಚು ಅಥವಾ ಪಿನ್ ಕೊಡದೆ ಅಳಿಸಲಾಗುವುದಿಲ್ಲ. ಮಕ್ಕಳ ಕೈಗೆ ಫೋನ್ ಕೊಡುವವರು ಮೊದಲು ಮಾಡಬೇಕಾದ್ದು ಇದನ್ನೇ.

ಅಳಿಸುವಾಗ ವೈಫೈ ಚಾಲೂ ಇರಲಿ. ಇದರ ಕಾರಣ ತಿಳಿಯಲು ನಾನೊಂದು ಬೇರೆಯೇ ದಾರಿಗೆ ಇಳಿದೆ. ಫೋನಿನೊಳಗಿನ ಚಿಪ್ಪನ್ನು ನಾವು ಒಳಹೊಕ್ಕು ನೋಡಲಾಗುವುದಿಲ್ಲ. ಹಾಗಾಗಿ ಪ್ಲಾಸ್ಟಿಕ್ ಸಿಮ್ಮಿನ ಆಕಾರದಲ್ಲೇ ಬರುವ, ಒಳಗೆ ಇ-ಸಿಮ್ ಚಿಪ್ಪಿರುವ ಕಾರ್ಡೊಂದನ್ನು ಕೊಂಡು, ಕಾರ್ಡ್ ರೀಡರಿಗೆ ಹಾಕಿ, `lpac` ಎಂಬ ಉಪಕರಣದಿಂದ ನೋಡಿದೆ.

```
lpac profile list
lpac profile nickname <ICCID> "ಡೇಟಾ 09284 ಮಾರ್ಚ್"
lpac notification list
lpac notification process -a -r
```

ಪ್ರೊಫೈಲ್ ಅಳಿಸಿದಾಗ ಚಿಪ್ಪು "ಇಂಥ ICCID ಅಳಿಯಿತು" ಎಂಬ ಸೂಚನೆಯನ್ನು ಬರೆದಿಟ್ಟುಕೊಳ್ಳುತ್ತದೆ. ಅದು ಪ್ರೊಫೈಲ್ ಕೊಟ್ಟ ಸರ್ವರಿಗೆ ಮುಟ್ಟಬೇಕು. ಮೂರನೆಯ ಆಜ್ಞೆ ಕಳಿಸದೆ ಉಳಿದ ಸೂಚನೆಗಳನ್ನು ತೋರಿಸುತ್ತದೆ, ನಾಲ್ಕನೆಯದು ಕಳಿಸುತ್ತದೆ. ನಾನು ಬೇಕೆಂದೇ ಸೂಚನೆ ಕಳಿಸದೆ ಅದೇ ಕೋಡಿನಿಂದ ಮತ್ತೆ ಇಳಿಸಲು ನೋಡಿದೆ. ಸರ್ವರ್ ಒಪ್ಪಲಿಲ್ಲ, ಅದರ ಲೆಕ್ಕದಲ್ಲಿ ಪ್ರೊಫೈಲ್ ಇನ್ನೂ ನನ್ನ ಚಿಪ್ಪಿನಲ್ಲೇ ಇತ್ತು. ಸೂಚನೆ ಕಳಿಸಿದ ಮೇಲೆ ಆ ಮಾರಾಟಗಾರರ ಕೋಡು ಮತ್ತೆ ಇಳಿಯಿತು. ಎಲ್ಲರದೂ ಹೀಗೆ ಇಳಿಯುವುದಿಲ್ಲ, ಬಹುಪಾಲು ಕೋಡುಗಳು ಒಂದೇ ಬಾರಿಗೆ. ಯಾರು ಮತ್ತೆ ಇಳಿಸಲು ಬಿಡುತ್ತಾರೆ ಎಂದು ಕೊಳ್ಳುವ ಮೊದಲೇ ಪತ್ತೆಹಚ್ಚುವ ಒಂದು ದಾರಿ ನನ್ನಲ್ಲಿದೆ, ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಆ ಕಾರ್ಡಿನಲ್ಲಿ ಇನ್ನೊಂದು ಸುಖವಿದೆ: ಮೇಲೆ ಕೊಟ್ಟ ಹೆಸರು ಚಿಪ್ಪಿನಲ್ಲೇ ಉಳಿಯುತ್ತದೆ, ಕಾರ್ಡನ್ನು ಬೇರೆ ಫೋನಿಗೆ ಹಾಕಿದರೂ ಹೋಗುವುದಿಲ್ಲ.

ಇದೇ ಕಾರಣಕ್ಕೆ ಕ್ಯೂಆರ್ ಕೋಡಿನ ಸ್ಕ್ರೀನ್‌ಶಾಟ್ ಇಟ್ಟುಕೊಂಡು ನಿಶ್ಚಿಂತೆಯಾಗಿರುವವರ ಬಗ್ಗೆ ನನಗೆ ಕಳವಳ. ಕ್ಯೂಆರಿನಲ್ಲಿ ಪ್ರೊಫೈಲ್ ಇರುವುದಿಲ್ಲ. `LPA:1$` ಎಂದು ಶುರುವಾಗುವ ಒಂದು ಸಾಲು, ಅದರಲ್ಲಿ ಸರ್ವರಿನ ವಿಳಾಸ ಮತ್ತು ಒಂದು ಗುರುತಿನ ಸಂಕೇತ, ಅಷ್ಟೆ. ಒಮ್ಮೆ ಇಳಿಸಿದ ಮೇಲೆ ಅದು ಬಹುಪಾಲು ಬಳಸಿದ ಟಿಕೆಟ್ಟು. ನಂಬರಿರುವ ಇ-ಸಿಮ್ ಅಳಿದರೆ ಕಂಪನಿಯಿಂದ ಹೊಸ ಕೋಡು ಪಡೆಯಲೇಬೇಕು, ಕೆಲವರು ಅದಕ್ಕೆ ಶುಲ್ಕ ಹಿಡಿಯುತ್ತಾರೆ. ಶುಲ್ಕಕ್ಕಿಂತ ಕೆಟ್ಟದ್ದು ಇನ್ನೊಂದಿದೆ: ಹೊಸ ಕೋಡು ಕೊಡಲು ಅವರು ಹಲವು ಸಲ ಒಟಿಪಿ ಕಳಿಸುವುದು ಅಳಿದುಹೋದ ಅದೇ ನಂಬರಿಗೆ. ಆದ್ದರಿಂದ ಕಂಪನಿಯ ಖಾತೆಯಲ್ಲಿ ಇಮೇಲ್ ಮತ್ತು ಎರಡನೆಯ ನಂಬರನ್ನು ಮೊದಲೇ ಸೇರಿಸಿಟ್ಟಿರಬೇಕು.

ಫೋನನ್ನು ಫ್ಯಾಕ್ಟರಿ ರೀಸೆಟ್ ಮಾಡುವಾಗ ಕೇಳುವ ಪ್ರಶ್ನೆಯನ್ನು ಓದದೆ ಒತ್ತಬೇಡಿ. ಐಫೋನೂ ಪಿಕ್ಸೆಲ್ಲೂ ಇ-ಸಿಮ್ ಉಳಿಸಲೋ ಅಳಿಸಲೋ ಎಂದು ಬೇರೆಯಾಗಿ ಕೇಳುತ್ತವೆ. ನೀವೇ ಇಟ್ಟುಕೊಳ್ಳುವ ಫೋನಾದರೆ ಉಳಿಸಿ, ಮಾರುವುದಾದರೆ ಹೊಸ ಫೋನಿಗೆ ವರ್ಗಾಯಿಸಿದ ಮೇಲೆ ಅಳಿಸಿ. ರಿಪೇರಿಗೆ ಕೊಡುವಾಗ ಮಾತ್ರ ಈ ಯಾವ ಗುಂಡಿಯೂ ಕಾಪಾಡುವುದಿಲ್ಲ. ಇ-ಸಿಮ್ ಚಿಪ್ಪು ಬೋರ್ಡಿಗೇ ಬೆಸೆದುಕೊಂಡಿರುತ್ತದೆ. ಬೋರ್ಡ್ ಬದಲಾಯಿಸಿದರೆ ಚಿಪ್ಪಿನ ಗುರುತಿನ ಸಂಖ್ಯೆಯಾದ 32 ಅಂಕಿಯ EIDಯೇ ಬದಲಾಗುತ್ತದೆ, ಹಳೆಯ ಬೋರ್ಡಿನ ಜೊತೆ ಏಳೂ ಹೋಗುತ್ತವೆ. ಹಾಗಾಗಿ ಅಂಗಡಿಗೆ ಕೊಡುವ ಮೊದಲು ಬೋರ್ಡ್ ಮುಟ್ಟುತ್ತೀರಾ ಎಂದು ಕೇಳುತ್ತೇನೆ. ಹೌದು ಎಂದರೆ ಒಟಿಪಿ ನಂಬರನ್ನು ಮನೆಯಲ್ಲಿರುವ ಇನ್ನೊಂದು ಫೋನಿಗೆ ವರ್ಗಾಯಿಸಿ, ಅದರಲ್ಲಿ ಒಂದು ಕರೆ, ಒಂದು ಎಸ್ಸೆಮ್ಮೆಸ್ ಬಂದದ್ದನ್ನು ನೋಡಿದ ಮೇಲೆಯೇ ಫೋನ್ ಕೈಬಿಡುತ್ತೇನೆ.