ಮೊದಲ ಜಾಹೀರಾತು: ಹೆಸರು ನೆನಪಿಸುವುದೋ, ಆರ್ಡರ್ ಕೇಳುವುದೋ?

ಬದಿಯಡ್ಕದ ಹತ್ತಿರ ಹಲಸಿನ ಹಪ್ಪಳ ಮಾಡುವ ಅಕ್ಕ ಒಬ್ಬರು ಮೊನ್ನೆ ತಮ್ಮ ವಿಡಿಯೊ ಜಾಹೀರಾತು ತೋರಿಸಿದರು. ಅಜ್ಜಿಯ ಕೈರುಚಿ, ಊರಿನ ಮಣ್ಣು, ಹಳೇ ಹಾಡು, ಕೊನೆಗೆ ಮೂರು ಫೋನ್ ನಂಬರ್. ಬೆಲೆ ಮಾತ್ರ ಎಲ್ಲೂ ಇಲ್ಲ. "ನೋಡಿದವರೆಲ್ಲ ಚೆಂದ ಅಂದರು, ಆದರೆ ಯಾರೂ ಫೋನ್ ಮಾಡಲಿಲ್ಲ" ಎಂದರು. ಹೀಗೆ ಆದದ್ದನ್ನು ನಾನು ತುಂಬ ಸಲ ನೋಡಿದ್ದೇನೆ.

ಮೊದಲು ಎರಡು ಬಗೆಯ ಸ್ಕ್ರಿಪ್ಟ್ ಬೇರೆ ಮಾಡಿಕೊಳ್ಳಿ. ಒಂದು ಹೆಸರನ್ನು ನೆನಪಿನಲ್ಲಿ ಕೂರಿಸುತ್ತದೆ. ಅದು ಪದೇ ಪದೇ ಕಣ್ಣಿಗೆ ಬೀಳಬೇಕು, ಅದಕ್ಕೆ ದುಡ್ಡು ಜಾಸ್ತಿ ಬೇಕು. ಇನ್ನೊಂದು ಈಗಲೇ ಫೋನ್ ಮಾಡಿ ಎನ್ನುತ್ತದೆ. ಎಷ್ಟು ಆರ್ಡರ್ ಬಂತು ಎಂದು ವಾರದೊಳಗೆ ಎಣಿಸಬಹುದು.

ಆಯ್ಕೆಗೆ ಒಂದೇ ಪ್ರಶ್ನೆ ಸಾಕು: ಜಾಹೀರಾತು ನೋಡಿದವರು ಇವತ್ತೇ ಕೊಳ್ಳಬಲ್ಲರಾ? ಮದುವೆ ಅಡುಗೆಯವರಿಗೆ ಗಿರಾಕಿ ಬರುವುದು ಮನೆಯಲ್ಲಿ ಮದುವೆ ಇದ್ದಾಗ, ಅವರಿಗೆ ಹೆಸರು ನೆನಪಿಸುವ ಜಾಹೀರಾತೇ ಬೇಕು. ಹಪ್ಪಳ ಹಾಗಲ್ಲ. ಕೈಯಲ್ಲಿ ಸಣ್ಣ ಮೊತ್ತ ಇದ್ದರೆ ಆರ್ಡರ್ ಕೇಳುವುದನ್ನೇ ಮಾಡಿ. ಎರಡನ್ನೂ ಒಂದೇ ಸ್ಕ್ರಿಪ್ಟಿಗೆ ತುರುಕಬೇಡಿ.

ಎಡವುವುದು ಆರ್ಡರ್ ಕೇಳುವ ಸಾಲಿನಲ್ಲಿ. "ಇಂದೇ ಸಂಪರ್ಕಿಸಿ" ಎಂದರೆ ಯಾವುದಕ್ಕೆ ಅಂತ ಗೊತ್ತಾಗುವುದಿಲ್ಲ. ಏನು, ಎಷ್ಟು, ಎಷ್ಟಕ್ಕೆ, ಯಾವಾಗಿನವರೆಗೆ, ಹೇಗೆ ಎಂಬ ಐದೂ ಬರಬೇಕು. ಅಕ್ಕನಿಗೆ ಬರೆದುಕೊಟ್ಟದ್ದು ಹೀಗಿತ್ತು:

"ಈ ಬೇಸಿಗೆಯ ಹಲಸಿನ ಹಪ್ಪಳ. ನೂರರ ಕಟ್ಟಿಗೆ 350 ರೂಪಾಯಿ. ಬದಿಯಡ್ಕ, ಪೆರ್ಲ, ಕುಂಬಳೆಗೆ ಮನೆಗೇ ತಂದು ಕೊಡುತ್ತೇವೆ. ಶನಿವಾರದವರೆಗೆ ಮಾತ್ರ. ಈ ನಂಬರಿಗೆ 'ಹಪ್ಪಳ' ಎಂದು ವಾಟ್ಸಾಪ್ ಮಾಡಿ."

'ಹಪ್ಪಳ' ಎಂಬ ಪದ ಸುಮ್ನೆ ಇಟ್ಟದ್ದಲ್ಲ. ಆ ಪದ ಬಂದರೆ ಜಾಹೀರಾತು ನೋಡಿ ಬಂದವರು ಎಂದು ಗೊತ್ತಾಗುತ್ತದೆ. ನಂಬರ್ ಒಂದೇ ಇರಲಿ, ಅದನ್ನು ಎರಡು ಸಲ ಹೇಳಿ. ಶನಿವಾರದ ಗಡುವು ನಿಜವಾಗಿರಬೇಕು. ಭಾನುವಾರವೂ ಅದೇ ಬೆಲೆಗೆ ಕೊಟ್ಟರೆ ಮುಂದಿನ ಸಲ ಯಾರೂ ನಂಬುವುದಿಲ್ಲ. ರೆಡಿಮೇಡ್ ಸ್ಕ್ರಿಪ್ಟ್ ಮಾರುವವರಿಗೆ ದುಡ್ಡು ಕೊಡಬೇಡಿ, ಅದರಲ್ಲಿ ನಿಮ್ಮ ಬೆಲೆಯೂ ಇರುವುದಿಲ್ಲ, ನಿಮ್ಮ ಊರೂ ಇರುವುದಿಲ್ಲ.

ರೆಕಾರ್ಡ್ ಮಾಡುವ ಮೊದಲು ಗಟ್ಟಿಯಾಗಿ ಓದಿ, 30 ಸೆಕೆಂಡ್ ದಾಟಿದರೆ ಕತ್ತರಿಸಿ.

ಆಮೇಲೆ ಲೆಕ್ಕ. ಒಂದು ಕಟ್ಟಿಗೆ ಸಾಮಾನು, ಕೂಲಿ, ಪ್ಯಾಕಿಂಗ್, ತಲುಪಿಸುವ ಖರ್ಚು ಸೇರಿ 230 ಹೋದರೆ ಉಳಿಯುವುದು 120. ಜಾಹೀರಾತಿಗೆ 1500 ಹಾಕಿದರೆ ಒಂದೊಂದು ಕಟ್ಟಿನ 13 ಆರ್ಡರಿಗೆ ಹಾಕಿದ ದುಡ್ಡು ವಾಪಸ್. ಹತ್ತೇ ಬಂದರೆ ನಷ್ಟ. ಆಗ ಮೆಸೇಜುಗಳನ್ನು ನೋಡಿ. ತುಂಬ ಜನ ಕೇಳಿ ಯಾರೂ ಕೊಳ್ಳದಿದ್ದರೆ ಅಡ್ಡಿ ಬೆಲೆಯಲ್ಲೋ ತಲುಪಿಸುವುದರಲ್ಲೋ ಇರುತ್ತದೆ. ಜನ ನೋಡಿಯೂ ಮೆಸೇಜೇ ಬಾರದಿದ್ದರೆ ಸ್ಕ್ರಿಪ್ಟಿನ ಮೊದಲ ಸಾಲು ಬದಲಿಸಿ, ಬೇರೇನನ್ನೂ ಮುಟ್ಟದೆ ಇನ್ನೊಮ್ಮೆ ಹಾಕಿ. ಬೆಲೆ, ಮೊದಲ ಸಾಲು ಎರಡನ್ನೂ ಒಟ್ಟಿಗೆ ಬದಲಿಸಿದರೆ ಯಾವುದರಿಂದ ಆರ್ಡರ್ ಹೆಚ್ಚಿತು ಅಂತ ತಿಳಿಯುವುದಿಲ್ಲ, ಅಲ್ವಾ?