ಹಾಜರಾತಿ ಶೇ 73 ಎಂದಿದೆಯೇ? ಪುಸ್ತಕ ತೆರೆದು ಮತ್ತೊಮ್ಮೆ ಎಣಿಸಿ

ಹಾಜರಾತಿ ಕೊರತೆಯ ಪಟ್ಟಿಯಲ್ಲಿ ಹೆಸರು ಕಂಡ ಕೂಡಲೇ ವಿದ್ಯಾರ್ಥಿಗಳು ವೈದ್ಯಕೀಯ ಪ್ರಮಾಣಪತ್ರ ಹಿಡಿದು ಓಡುತ್ತಾರೆ. ಮೊದಲು ಹೋಗಬೇಕಾದದ್ದು ಹಾಜರಿ ಪುಸ್ತಕದ ಬಳಿಗೆ. ಅದರಲ್ಲಿ ಎಷ್ಟು ತರಗತಿ ನಡೆದಿವೆ ಎಂಬುದೇ ತಪ್ಪಾಗಿದ್ದರೆ ಪ್ರಮಾಣಪತ್ರ ಎಷ್ಟು ಸರಿಯಿದ್ದರೂ ಉಪಯೋಗಕ್ಕೆ ಬರುವುದಿಲ್ಲ. ವರ್ಷಗಟ್ಟಲೆ ಆ ಪುಸ್ತಕಗಳನ್ನು ಬರೆದ ಅನುಭವದಿಂದ ಈ ಮಾತು ಹೇಳುತ್ತಿದ್ದೇನೆ.

ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ನಿಯಮವನ್ನೇ ಉದಾಹರಣೆಗೆ ತೆಗೆದುಕೊಳ್ಳೋಣ. ಅಲ್ಲಿ ಪ್ರತಿ ವಿಷಯದಲ್ಲೂ ಶೇ 85ರಷ್ಟು ಹಾಜರಾತಿ ಬೇಕು. ಅನಾರೋಗ್ಯ, ಕ್ರೀಡೆ, ಸಾಂಸ್ಕೃತಿಕ ಸ್ಪರ್ಧೆಯಂತಹ ಒಪ್ಪತಕ್ಕ ಕಾರಣವಿದ್ದರೆ ಪ್ರಾಂಶುಪಾಲರ ಶಿಫಾರಸಿನ ಮೇಲೆ ಕುಲಪತಿಯವರು ಶೇ 10ರವರೆಗಿನ ಕೊರತೆಯನ್ನು ಮನ್ನಾ ಮಾಡಬಹುದು. ಹಾಗಾಗಿ ಶೇ 75 ಕೊನೆಯ ಗೆರೆ. ಅದಕ್ಕಿಂತ ಕೆಳಗಿಳಿದ ವಿಷಯದ ಸೆಮಿಸ್ಟರ್ ಪರೀಕ್ಷೆಗೆ ಕೂರುವಂತಿಲ್ಲ. ‘ಪ್ರತಿ ವಿಷಯದಲ್ಲೂ’ ಎಂಬ ಮಾತನ್ನು ಮರೆಯಬೇಡಿ. ಎಲ್ಲ ವಿಷಯಗಳ ಸರಾಸರಿ ಶೇ 88 ಇದ್ದು ಗಣಿತದಲ್ಲಿ ಶೇ 74 ಇದ್ದರೆ ಆ ಸರಾಸರಿ ಗಣಿತವನ್ನು ಉಳಿಸುವುದಿಲ್ಲ.

ಈಗ ಒಂದು ಲೆಕ್ಕವನ್ನು ಮೊದಲಿನಿಂದ ಕೊನೆಯವರೆಗೆ ಮಾಡೋಣ. ವಿದ್ಯಾರ್ಥಿ ಕಲ್ಪಿತ, ಆದರೆ ರಜೆಯ ದಿನಗಳು ನಿಜವಾದವು. 2024ರ ಸೆಪ್ಟೆಂಬರ್ 30ರಿಂದ ಡಿಸೆಂಬರ್ 28ರವರೆಗೆ ಹದಿಮೂರು ವಾರ ಪಾಠ ನಡೆದಿದೆ ಎಂದುಕೊಳ್ಳಿ. ಗಣಿತದ ತರಗತಿ ಸೋಮ, ಬುಧ, ಗುರು ಮತ್ತು ಶುಕ್ರವಾರ, ದಿನಕ್ಕೊಂದು. ಆಂತರಿಕ ಪರೀಕ್ಷೆಗಳು ಶನಿವಾರ ನಡೆದಿದ್ದರಿಂದ ಅವು ಪಾಠಕ್ಕೆ ಅಡ್ಡಬಂದಿಲ್ಲ. ವೇಳಾಪಟ್ಟಿಯ ಪ್ರಕಾರ 52 ತರಗತಿಗಳಾದವು.

ಮೊದಲು ಭಾಜಕವನ್ನು ಪರೀಕ್ಷಿಸಿ

ಕ್ಯಾಲೆಂಡರ್ ಪಕ್ಕಕ್ಕಿಟ್ಟುಕೊಂಡು ತರಗತಿಯಿದ್ದ ವಾರಗಳಲ್ಲಿ ಬಿದ್ದ ರಜೆಗಳನ್ನು ಮಾತ್ರ ಗುರುತು ಹಾಕಿ. ಗಾಂಧಿ ಜಯಂತಿ ಬುಧವಾರ, ಆಯುಧಪೂಜೆ ಅಕ್ಟೋಬರ್ 11ರ ಶುಕ್ರವಾರ, ವಾಲ್ಮೀಕಿ ಜಯಂತಿ 17ರ ಗುರುವಾರ, ನರಕ ಚತುರ್ದಶಿ 31ರ ಗುರುವಾರ, ರಾಜ್ಯೋತ್ಸವ ಶುಕ್ರವಾರ, ಕನಕ ಜಯಂತಿ ನವೆಂಬರ್ 18ರ ಸೋಮವಾರ, ಕ್ರಿಸ್‌ಮಸ್ ಬುಧವಾರ. ಒಟ್ಟು ಏಳು. ವಿಜಯದಶಮಿ ಮತ್ತು ಬಲಿಪಾಡ್ಯಮಿ ಶನಿವಾರ ಬಂದವು. ಗಣಿತಕ್ಕೂ ಅವಕ್ಕೂ ಸಂಬಂಧವಿಲ್ಲ. 52ರಲ್ಲಿ ಏಳು ಕಳೆದರೆ 45. ಕಚೇರಿಯ ಪಟ್ಟಿಯಲ್ಲಿಯೂ 45 ಎಂದೇ ಇತ್ತು. ವಿದ್ಯಾರ್ಥಿ ಹಾಜರಿದ್ದದ್ದು 33 ತರಗತಿಗಳಿಗೆ. 33ನ್ನು 45ರಿಂದ ಭಾಗಿಸಿ ನೂರರಿಂದ ಗುಣಿಸಿದರೆ ಶೇ 73.33. ಅಂದರೆ ಮನ್ನಾ ಕೇಳುವ ದಾರಿಯೂ ಮುಚ್ಚಿತು.

ಆದರೆ ಆ ಡಿಸೆಂಬರಿನಲ್ಲಿ ಪಟ್ಟಿಯಲ್ಲಿಲ್ಲದ ಎರಡು ರಜೆಗಳು ಬಂದಿದ್ದವು. ಎಸ್.ಎಂ. ಕೃಷ್ಣ ಅವರ ನಿಧನಕ್ಕೆ 11ರ ಬುಧವಾರ, ಮನಮೋಹನ್ ಸಿಂಗ್ ಅವರ ನಿಧನಕ್ಕೆ 27ರ ಶುಕ್ರವಾರ ಸರ್ಕಾರ ರಜೆ ಘೋಷಿಸಿತು. ತಿಂಗಳ ಆರಂಭದಲ್ಲೇ ದಿನಾಂಕಗಳನ್ನೆಲ್ಲ ಬರೆದಿಟ್ಟ ಪುಸ್ತಕದಲ್ಲಿ ಇಂತಹ ದಿನಗಳ ಕಾಲಂ ಖಾಲಿ ಉಳಿಯುತ್ತದೆ. ಮೇಲಿನ ತರಗತಿ ಸಂಖ್ಯೆ ಮಾತ್ರ ಮುಂದೆ ಸಾಗಿರುತ್ತದೆ. ನಡೆಯದ ಆ ಎರಡು ತರಗತಿಗಳನ್ನು ಬಿಟ್ಟರೆ ಭಾಜಕ 43, ಹಾಜರಾತಿ ಶೇ 76.74.

ಈ ತಪ್ಪನ್ನು ಹಿಡಿಯುವ ಸುಲಭ ಉಪಾಯವಿದೆ. ಅನೇಕ ಕಾಲೇಜುಗಳಲ್ಲಿ ಹಾಜರಿದ್ದವರ ಮುಂದೆ 1, 2, 3 ಎಂದು ಏರುತ್ತ ಹೋಗುವ ಸಂಖ್ಯೆಯನ್ನೂ ಗೈರಾದವರಿಗೆ ‘ಎ’ ಎಂದೂ ಬರೆಯುತ್ತಾರೆ. ಒಂದು ದಿನವೂ ತಪ್ಪಿಸದ ಸಹಪಾಠಿಯ ಸಾಲಿನ ಕೊನೆಯ ಸಂಖ್ಯೆ ನೋಡಿ. ಅದು 43 ಆಗಿದ್ದು ಒಟ್ಟು ತರಗತಿ 45 ಎಂದಿದ್ದರೆ ತಪ್ಪು ಅಲ್ಲಿಯೇ ಕಾಣುತ್ತದೆ. ನಿಮ್ಮ ಸಾಲಿನಲ್ಲಿ ಪ್ರತಿ ‘ಎ’ಯ ನಂತರದ ಸಂಖ್ಯೆಯನ್ನೂ ನೋಡಿ. 18ರ ನಂತರ ‘ಎ’ ಬಂದರೆ ಮುಂದಿನದು 19 ಆಗಬೇಕು. ಮತ್ತೆ 18 ಎಂದೇ ಬರೆದಿದ್ದರೆ ನೀವು ಕುಳಿತು ಕೇಳಿದ ಒಂದು ಪಾಠ ಲೆಕ್ಕದಿಂದ ಹೋಗಿದೆ.

ಹಾಗೆಂದು ಪ್ರತಿ ರಜೆಯನ್ನೂ ಕಣ್ಣುಮುಚ್ಚಿ ಕಳೆಯಬೇಡಿ. ರಜೆಯ ಬದಲಿಗೆ ಇನ್ನೊಂದು ದಿನ ಪಾಠ ನಡೆದಿದ್ದರೆ ಅದು ಭಾಜಕಕ್ಕೆ ಸೇರುತ್ತದೆ. ನೀವು ಬಂದಿರದಿದ್ದರೆ ಗೈರೆಂದೇ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ ಅಂತಹ ಬದಲಿ ತರಗತಿ ನಡೆದಿಲ್ಲ.

ವೈದ್ಯಕೀಯ ರಜೆಯನ್ನು ಎಲ್ಲಿ ಇಡಬೇಕು?

ಈ ವಿದ್ಯಾರ್ಥಿ ತಪ್ಪಿಸಿದ್ದು ಹತ್ತು ತರಗತಿ. ಡೆಂಗಿ ಜ್ವರಕ್ಕೆ ಅಕ್ಟೋಬರ್ 31ರಿಂದ ನವೆಂಬರ್ 15ರವರೆಗೆ, ಅಂದರೆ ಹದಿನಾರು ದಿನಗಳ ಪ್ರಮಾಣಪತ್ರವಿದೆ. ಅದರಲ್ಲಿ ಮೊದಲ ಎರಡು ದಿನ ಎಲ್ಲರಿಗೂ ರಜೆ. ನವೆಂಬರ್ 4, 6, 7, 8 ಮತ್ತು 11, 13, 14, 15 ಸೇರಿ ಎಂಟು ತರಗತಿಗಳು ಮಾತ್ರ ನಿಜವಾಗಿ ತಪ್ಪಿದವು. ಉಳಿದೆರಡು ಗೈರುಹಾಜರಿಗೆ ಕಾಗದವಿಲ್ಲ.

ಇಲ್ಲಿ ಪೋಷಕರು ಮತ್ತು ವಿದ್ಯಾರ್ಥಿಗಳು ಮತ್ತೆ ಮತ್ತೆ ಎಡವುವುದನ್ನು ಕಂಡು ನನಗೆ ಬೇಸರವಾಗಿದೆ. ಎಂಟನ್ನು 33ಕ್ಕೆ ಕೂಡಿಸಿ ‘ಶೇ 95 ಆಯಿತು’ ಎನ್ನುತ್ತಾರೆ. ಇಲ್ಲವೇ 43ರಿಂದ ಎಂಟು ಕಳೆದು ‘ಶೇ 94’ ಎನ್ನುತ್ತಾರೆ. ಎರಡೂ ತಪ್ಪು. ಕಾಯಿಲೆಯಿಂದ ಬಾರದಿದ್ದರೂ ಅಂದು ಪಾಠ ನಡೆದಿದೆ, ಆದ್ದರಿಂದ ಅದು ಗೈರು. ಹಾಜರಾತಿ ಶೇ 76.74 ಆಗಿಯೇ ಉಳಿಯುತ್ತದೆ. ಪ್ರಮಾಣಪತ್ರವು ಆ ಅಂಕಿಯನ್ನು ಏರಿಸುವುದಿಲ್ಲ, ಕೊರತೆಗೆ ಕಾರಣ ಹೇಳುತ್ತದೆ ಅಷ್ಟೆ.

ಈಗ ಶೇಕಡಾವಾರನ್ನು ತರಗತಿಗಳ ಲೆಕ್ಕಕ್ಕೆ ತನ್ನಿ. 43ರ ಶೇ 85 ಎಂದರೆ 36.55. ಅರ್ಧ ತರಗತಿಗೆ ಹಾಜರಾಗಲು ಸಾಧ್ಯವಿಲ್ಲದ್ದರಿಂದ 37 ಬೇಕು. ಇರುವುದು 33, ಕೊರತೆ ನಾಲ್ಕು. ಕೊನೆಯ ಗೆರೆಯಾದ ಶೇ 75ಕ್ಕೆ 32.25, ಅಂದರೆ 33 ಬೇಕು. ವಿದ್ಯಾರ್ಥಿ ಸರಿಯಾಗಿ ಗೆರೆಯ ಮೇಲೆ ನಿಂತಿದ್ದಾನೆ. ಒಂದು ತರಗತಿ ಕಡಿಮೆಯಾಗಿದ್ದರೂ ಶೇ 74.42 ಆಗುತ್ತಿತ್ತು. ಅದನ್ನು 75 ಎಂದು ದುಂಡಾಗಿಸಿ ಕೊಡುತ್ತಾರೆಂದು ನಂಬಿ ಕೂರಬೇಡಿ. ಕೊರತೆ ಬಿದ್ದ ನಾಲ್ಕು ತರಗತಿಗಳಿಗಿಂತ ಹೆಚ್ಚು ದಿನಗಳಿಗೆ ಪ್ರಮಾಣಪತ್ರವಿರುವುದರಿಂದ ಮನ್ನಾ ಕೇಳಲು ಆಧಾರ ಗಟ್ಟಿಯಾಗಿದೆ. ಆದರೂ ಅದು ಹಕ್ಕಲ್ಲ, ಶಿಫಾರಸು ಬೇಕು.

ಬೇರೆ ವಿಶ್ವವಿದ್ಯಾಲಯಗಳಲ್ಲಿ ಈ ಮಿತಿಗಳು ಬೇರೆ ಇರಬಹುದು. ನಿಮ್ಮ ಕೋರ್ಸಿನ ನಿಯಮಾವಳಿ ನೋಡಿ 85 ಮತ್ತು 75ರ ಜಾಗದಲ್ಲಿ ಅಲ್ಲಿನ ಅಂಕಿ ಹಾಕಿಕೊಂಡರಾಯಿತು.

ಅರ್ಜಿ ಎರಡು, ಒಂದಲ್ಲ

ಮೊದಲನೆಯದು ತಿದ್ದುಪಡಿಯ ಕೋರಿಕೆ. ವಿಷಯದ ಅಧ್ಯಾಪಕರ ಬಳಿ ಹೋಗಿ, ಡಿಸೆಂಬರ್ 11 ಮತ್ತು 27ರ ಕಾಲಂಗಳನ್ನು ತೋರಿಸಿ, ಒಟ್ಟು ತರಗತಿ 43 ಆಗಬೇಕೆಂದು ಬರೆದು ಕೊಡಿ. ತಿದ್ದಿದ ಕಡೆ ಅಧ್ಯಾಪಕರ ಸಹಿಯೂ ದಿನಾಂಕವೂ ಇರಲಿ, ವಿಭಾಗದ ಮುಖ್ಯಸ್ಥರ ಗಮನಕ್ಕೂ ತನ್ನಿ. ಎರಡನೆಯದು ಮನ್ನಾ ಅರ್ಜಿ. ಅದರಲ್ಲಿ ವಿಷಯದ ಹೆಸರು ಮತ್ತು ಸಂಕೇತ, ನಡೆದ ತರಗತಿ 43, ಹಾಜರಿ 33, ಕೊರತೆ ನಾಲ್ಕು, ಜ್ವರದಿಂದ ತಪ್ಪಿದ ಎಂಟು ದಿನಾಂಕಗಳು, ಜೊತೆಗೆ ವೈದ್ಯರ ಪ್ರಮಾಣಪತ್ರ ಮತ್ತು ತರಗತಿಗೆ ಮರಳಬಹುದೆಂಬ ದೃಢೀಕರಣ ಇರಬೇಕು. ಜ್ವರದಿಂದ ಎದ್ದು ಬಂದ ವಾರವೇ ಈ ಕಾಗದಗಳ ಪ್ರತಿಯನ್ನು ಕಾಲೇಜಿಗೆ ಕೊಟ್ಟಿದ್ದರೆ ಇನ್ನೂ ಒಳ್ಳೆಯದು. ತಿಂಗಳ ನಂತರ ತಂದ ಪ್ರಮಾಣಪತ್ರವನ್ನು ನೋಡುವ ಕಣ್ಣೇ ಬೇರೆಯಾಗಿರುತ್ತದೆ.

ಎರಡನ್ನೂ ಅದೇ ದಿನ ಕೊಡಿ, ಆದರೆ ತಿದ್ದುಪಡಿ ಮೊದಲು ಆಗಲಿ. ಶೇ 73.33 ಎಂದು ಬರೆದ ಪಟ್ಟಿ ಪ್ರಾಂಶುಪಾಲರ ಮೇಜಿಗೆ ಹೋದರೆ ಮನ್ನಾ ಅರ್ಜಿಯನ್ನು ಅವರು ಶಿಫಾರಸು ಮಾಡುವಂತೆಯೇ ಇರುವುದಿಲ್ಲ.