ಹಳೇ ಟೀವಿಗೆ ಯುನಿವರ್ಸಲ್ ರಿಮೋಟ್ ಹೊಂದಿಸಿದ್ದು: AV ಗುಂಡಿಯ ಕಥೆ

ಶಿರಸಿ ಹತ್ತಿರದ ನಮ್ಮ ಅತ್ತೆ ಮನೆಯಲ್ಲಿ ಫಿಲಿಪ್ಸಿನ ಡಬ್ಬಾ ಟೀವಿ ಇನ್ನೂ ಓಡುತ್ತಿದೆ. ಪಿಕ್ಚರ್ ಟ್ಯೂಬ್ ಗಟ್ಟಿಯಾಗಿದೆ, ಬಣ್ಣವೂ ಮಾಸಿಲ್ಲ. ಕೈಕೊಟ್ಟಿದ್ದು ರಿಮೋಟ್ ಮಾತ್ರ. ಟೀವಿಯ ಮುಂಭಾಗದಲ್ಲಿ ಪವರ್, ವಾಲ್ಯೂಮ್, ಚಾನಲ್ ಗುಂಡಿಗಳು ಬಿಟ್ಟರೆ ಬೇರೇನೂ ಇಲ್ಲ. ಸೆಟ್ ಟಾಪ್ ಬಾಕ್ಸ್ ಹಳದಿ-ಕೆಂಪು-ಬಿಳಿ ವೈರಿನಲ್ಲಿ ಹಿಂದಿನ AV1ಕ್ಕೆ ಸೇರಿದೆ, ಡಿವಿಡಿ ಪ್ಲೇಯರ್ ಪಕ್ಕದ AV2ಕ್ಕೆ. ಮಳೆಗಾಲದಲ್ಲಿ ಅಲ್ಲಿ ಕರೆಂಟು ಹೋಗಿ ಬರುವುದು ಇದ್ದದ್ದೇ. ಕರೆಂಟು ಬಂದ ಮೇಲೆ ಟೀವಿ ಸುಮ್ನೆ ಮಸುಕು ಚಾನಲ್‌ನಲ್ಲಿ ಕೂತಿರುತ್ತದೆ. AV ಒತ್ತದೆ ಏನೂ ಕಾಣುವುದಿಲ್ಲ.

"ತಮಾ, ಹೊಸ ರಿಮೋಟ್ ತಂದ್ಕೊಡು, ಟೀವಿ ಬೇಡ" ಅಂದರು ಅತ್ತೆ. ಪೇಟೆಯಲ್ಲಿ ಕೋಡ್ ಹಾಕುವ, ಬೇರೆ ರಿಮೋಟಿನಿಂದ ಸಂಕೇತ ಕಲಿಯುವ ಸೌಲಭ್ಯವೂ ಇರುವ ಯುನಿವರ್ಸಲ್ ರಿಮೋಟ್ ತಗೊಂಡೆ. ಕಲಿಯುವ ಸೌಲಭ್ಯ ಇಲ್ಲದ ಅಗ್ಗದ್ದೂ ಸಿಗುತ್ತದೆ. ಈ ಕೆಲಸಕ್ಕೆ ಅದು ಸಾಲುತ್ತಿರಲಿಲ್ಲ, ಯಾಕೆ ಅಂತ ಮುಂದೆ ಗೊತ್ತಾಗುತ್ತದೆ.

ಮೊದಲು ಹಳೇ ರಿಮೋಟಿನಲ್ಲಿ ಜೀವ ಎಷ್ಟು ಉಳಿದಿದೆ ಅಂತ ನೋಡಿದೆ. ಮೊಬೈಲ್ ಕ್ಯಾಮೆರಾ ತೆರೆದು ರಿಮೋಟಿನ ಮೂತಿಯನ್ನು ಅದರ ಕಡೆ ಹಿಡಿದು ಗುಂಡಿ ಒತ್ತಿದರೆ, ಕಣ್ಣಿಗೆ ಕಾಣದ ಬೆಳಕು ಪರದೆಯಲ್ಲಿ ನೇರಳೆ-ಬಿಳಿಯಾಗಿ ಮಿನುಗುತ್ತದೆ. ಕೆಲವು ಫೋನಿನ ಹಿಂದಿನ ಕ್ಯಾಮೆರಾದಲ್ಲಿ ಇದು ಕಾಣುವುದಿಲ್ಲ, ಸೆಲ್ಫಿ ಕ್ಯಾಮೆರಾದಲ್ಲಿ ನೋಡಬೇಕು. ಅತ್ತೆಯ ರಿಮೋಟಿನಲ್ಲಿ ಹೆಚ್ಚಿನ ಗುಂಡಿಗಳಿಗೆ ಏನೂ ಮಿನುಗಲಿಲ್ಲ. ಬಿಚ್ಚಿ ನೋಡಿದರೆ ರಬ್ಬರಿನ ಕೆಳಗಿನ ಕಪ್ಪು ಚುಕ್ಕಿಗಳು ಸವೆದಿದ್ದವು, ಸೆಲ್ಲಿನ ಸ್ಪ್ರಿಂಗಿಗೆ ಹಸಿರು ಹಿಡಿದಿತ್ತು. ಸ್ಪ್ರಿಂಗ್ ಕೆರೆದು, ಬೋರ್ಡನ್ನು ಹತ್ತಿಯಲ್ಲಿ ಸ್ಪಿರಿಟ್ ಹಾಕಿ ಒರೆಸಿದೆ. AV ಗುಂಡಿ ಮತ್ತು ಇನ್ನೊಂದೆರಡು ಮಿನುಗಿದವು. ಅಷ್ಟು ಸಾಕಿತ್ತು.

ಆಮೇಲೆ ಕೋಡ್. ಸೆಟ್ ಗುಂಡಿಯನ್ನು ಕೆಂಪು ದೀಪ ಹತ್ತಿ ನಿಲ್ಲುವವರೆಗೆ ಒತ್ತಿ ಹಿಡಿಯಬೇಕು, ಟೀವಿ ಅನ್ನುವ ಗುಂಡಿ ಒತ್ತಬೇಕು, ಚೀಟಿಯಲ್ಲಿ ಫಿಲಿಪ್ಸ್ ಹೆಸರಿನ ಮುಂದಿರುವ ಅಂಕಿಗಳನ್ನು ಹೊಡೆಯಬೇಕು. ರಿಮೋಟ್ ಒಪ್ಪಿಕೊಂಡರೆ ದೀಪ ಆರುತ್ತದೆ. ಒತ್ತುವ ಕ್ರಮ ಕಂಪನಿಯಿಂದ ಕಂಪನಿಗೆ ಸ್ವಲ್ಪ ಬೇರೆ ಇರುತ್ತದೆ, ಚೀಟಿ ನೋಡಿಕೊಳ್ಳಿ. ಅಂಕಿಗಳೂ ಅಷ್ಟೇ. ಅವು ಆ ರಿಮೋಟಿನೊಳಗಿನ ಪಟ್ಟಿಯ ಕ್ರಮಸಂಖ್ಯೆಗಳು, ಟೀವಿಗೆ ಅವುಗಳ ಗಂಧಗಾಳಿ ಇಲ್ಲ. ಪಕ್ಕದ ಮನೆಯವರ ಬೇರೆ ಕಂಪನಿಯ ರಿಮೋಟಿನ ಕೋಡ್ ಕೇಳಿಕೊಂಡು ಬಂದರೆ ಉಪಯೋಗ ಇಲ್ಲ.

ಚೀಟಿಯಲ್ಲಿ ಫಿಲಿಪ್ಸಿಗೆ ಹಲವು ಕೋಡ್‌ಗಳಿದ್ದವು. ಹಾಗಾಗಿ ಹುಡುಕಾಟಕ್ಕೇ ಬಿಟ್ಟೆ. ಟೀವಿ ಹಾಕಿ, ಸೆಟ್ ಹಿಡಿದು, ಆಮೇಲೆ ಪವರ್ ಗುಂಡಿಯನ್ನು ಒಂದೊಂದೇ ಸಲ ಒತ್ತುತ್ತಾ ಹೋಗುವುದು. ಪ್ರತಿ ಒತ್ತಿಗೆ ರಿಮೋಟ್ ಮುಂದಿನ ಕೋಡಿನ ಪವರ್ ಸಂಕೇತ ಕಳಿಸುತ್ತದೆ. ಟೀವಿ ಆರಿದ ತಕ್ಷಣ ಓಕೆ ಒತ್ತಿ ಉಳಿಸಿಕೊಳ್ಳಬೇಕು. ತಾನೇ ಹುಡುಕುತ್ತಾ ಹೋಗುವ ರಿಮೋಟೂ ಇದೆ. ಅದರಲ್ಲಿ ಟೀವಿ ಆರಿದ್ದು ನೋಡಿ ನಾವು ಕೈ ಹಾಕುವಷ್ಟರಲ್ಲಿ ಅದು ಮುಂದಿನ ಕೋಡಿಗೆ ಹೋಗಿರುತ್ತದೆ. ನನಗೆ ಒಂದೊಂದೇ ಒತ್ತುವುದೇ ವಾಸಿ.

ಟೀವಿ ಆರಿತು ಅಂದರೆ ಕೆಲಸ ಮುಗಿಯಿತು ಅಂತಲ್ಲ. ಪವರ್ ಸಂಕೇತ ಒಂದೇ ಇದ್ದು ಉಳಿದ ಗುಂಡಿಗಳು ಬೇರೆಯಾಗಿರುವ ಕೋಡ್‌ಗಳು ಪಟ್ಟಿಯಲ್ಲಿ ಬೇಕಾದಷ್ಟಿರುತ್ತವೆ. ವಾಲ್ಯೂಮ್, ಮ್ಯೂಟ್, ಚಾನಲ್, ಮೆನು, AV ಎಲ್ಲವನ್ನೂ ಒತ್ತಿ ನೋಡಬೇಕು. ಮೊದಲು ಸಿಕ್ಕ ಕೋಡಿನಲ್ಲಿ ಮೆನು ಬರಲಿಲ್ಲ, ಹುಡುಕಾಟ ಮುಂದುವರಿಸಿದೆ. ಮುಂದಿನದರಲ್ಲಿ ಮೆನು ಬಂತು, ಉಳಿದವೂ ಬಂದವು, AV ಮಾತ್ರ ಬರಲಿಲ್ಲ. ಯಾವ ಕೋಡಿನಲ್ಲೂ ಬರಲಿಲ್ಲ ಅನ್ನಿ. ಬೇಕಾಗಿದ್ದ ಗುಂಡಿಯೇ ಇಲ್ಲ!

ಹಾಗಾಗಿ AVಯನ್ನು ಹಳೇ ರಿಮೋಟಿನಿಂದ ಕಲಿಸಬೇಕಾಯಿತು. ಎರಡೂ ರಿಮೋಟುಗಳನ್ನು ಮೇಜಿನ ಮೇಲೆ ಮೂತಿಗೆ ಮೂತಿ ಇಟ್ಟೆ, ನಡುವೆ ಎರಡು ಬೆರಳಿನಷ್ಟು ಜಾಗ. ಕಿಟಕಿಯ ಬಿಸಿಲು ಬೀಳದ ಕಡೆ, ಸಿಎಫ್ಎಲ್ ಬಲ್ಬ್ ಆರಿಸಿ. ಬಿಸಿಲು, ಅಂಥ ಬಲ್ಬ್ ಎರಡೂ ಕಲಿಕೆಯಲ್ಲಿ ಗಲಿಬಿಲಿ ಮಾಡುತ್ತವೆ. ಹೊಸದರಲ್ಲಿ ಲರ್ನ್ ಹಿಡಿದು, AV ಗುಂಡಿ ಒತ್ತಿ, ಹಳೇದರ AV ಒತ್ತಿದೆ. ದೀಪ ಮಿನುಗಿ ಒಪ್ಪಿಕೊಂಡಿತು. ಟೀವಿ AV1ಕ್ಕೆ ಬಂತು. AV2ಕ್ಕೆ ಹೋಗೋಣ ಅಂತ ಇನ್ನೊಮ್ಮೆ ಒತ್ತಿದರೆ ಟೀವಿ ಅಲ್ಲಾಡಲಿಲ್ಲ. ವಾಲ್ಯೂಮ್ ಒಮ್ಮೆ ಒತ್ತಿ ಮತ್ತೆ AV ಒತ್ತಿದರೆ ಹೋಯಿತು.

ಇದು ಕಲಿಕೆ ಕೆಟ್ಟಿದ್ದಲ್ಲ. ಈ ಟೀವಿ ಬಳಸುವುದು ಫಿಲಿಪ್ಸ್‌ನವರ ಆರ್‌ಸಿ-5 ಅನ್ನುವ ಸಂಕೇತ ಪದ್ಧತಿ. ಬೇರೆ ಕೆಲವು ಕಂಪನಿಗಳೂ ಇದನ್ನು ಬಳಸಿವೆ. ಇದರ ಒಂದು ಸಂಕೇತದಲ್ಲಿ 14 ಬಿಟ್‌ಗಳಿವೆ, ಅವುಗಳಲ್ಲಿ ಒಂದು ಟಾಗಲ್ ಬಿಟ್. ಗುಂಡಿ ಒತ್ತಿ ಹಿಡಿದಿರುವಷ್ಟು ಹೊತ್ತು ಅದು ಹಾಗೇ ಇರುತ್ತದೆ. ಬಿಟ್ಟು ಮತ್ತೆ ಒತ್ತಿದರೆ 0 ಇದ್ದದ್ದು 1 ಆಗುತ್ತದೆ, 1 ಇದ್ದದ್ದು 0. ಇವನು ಗುಂಡಿ ಹಿಡಿದೇ ಇದ್ದಾನೋ, ಬಿಟ್ಟು ಒತ್ತಿದನೋ ಅಂತ ಟೀವಿಗೆ ತಿಳಿಯುವುದು ಇದರಿಂದ. ಕಲಿತ ಗುಂಡಿ ಮಾತ್ರ ಗಿಳಿಪಾಠದ ಹಾಗೆ, ಕೇಳಿಸಿಕೊಂಡ ಒಂದೇ ಬಿಟ್ಟನ್ನು ಪ್ರತಿಸಲ ಕಳಿಸುತ್ತದೆ. ಟೀವಿಗೆ ಅದು ಬೆರಳು ಎತ್ತದೆ ಹಿಡಿದ ಗುಂಡಿ. ವಾಲ್ಯೂಮಿಗೆ ಇದರಿಂದ ತೊಂದರೆ ಇಲ್ಲ, ಹಿಡಿದರೆ ಏರುವುದೇ ಅದರ ಕೆಲಸ. ತೊಂದರೆ AV, ಅಂಕಿ ಗುಂಡಿಗಳಂಥವಕ್ಕೆ. ಕಲಿಸಿದ ಅಂಕಿಯಲ್ಲಿ 22 ಹೊಡೆಯಲು ಹೋದರೆ ಒಂದೇ 2 ಬೀಳುವುದು ಇದಕ್ಕೇ. ಕೋಡಿನಿಂದ ಬಂದ ಗುಂಡಿಗಳಿಗೆ ಈ ಕಾಟ ಇಲ್ಲ. ಅಲ್ಲಿ ರಿಮೋಟ್ ತಾನೇ ಸಂಕೇತ ಕಟ್ಟುತ್ತದೆ, ಬಿಟ್ ಬದಲಿಸುವುದು ಅದಕ್ಕೆ ಗೊತ್ತು.

ಪರಿಹಾರ ಸರಳ. ಅದೇ AVಯನ್ನು ಉಪಯೋಗವಿಲ್ಲದ ಕೆಂಪು ಗುಂಡಿಗೂ ಕಲಿಸಿದೆ, ಆದರೆ ಹಳೇ ರಿಮೋಟಿನ ಮರು ಒತ್ತಿನಿಂದ. ಆಗ ಒಂದರಲ್ಲಿ ಬಿಟ್ 0, ಇನ್ನೊಂದರಲ್ಲಿ 1. AV ಒತ್ತಿದ ಮೇಲೆ ಕೆಂಪು, ಕೆಂಪಾದ ಮೇಲೆ AV. ಟೀವಿ ಪ್ರತಿ ಸಲವೂ ಮುಂದಿನದಕ್ಕೆ ಹೋಗುತ್ತದೆ. ಕಲಿಸುವಾಗ ಈ ಎರಡು ಒತ್ತುಗಳ ನಡುವೆ ಹಳೇ ರಿಮೋಟಿನ ಬೇರೆ ಯಾವ ಗುಂಡಿಯನ್ನೂ ಒತ್ತಬಾರದು, ಅದರಲ್ಲಿ ಯಾವುದನ್ನು ಒತ್ತಿದರೂ ಬಿಟ್ ತಿರುಗುತ್ತದೆ. ಕಲಿಸುವಾಗ ಒಂದೇ ಗುಂಡಿಯನ್ನು ಎರಡು ಸಲ ಒತ್ತಿಸಿಕೊಂಡು ಹೋಲಿಸುವ ರಿಮೋಟುಗಳಿವೆ. ಎರಡೂ ಬೇರೆ ಬಂದವು ಅಂತ ಅವು ಕಲಿಕೆಯನ್ನೇ ತಿರಸ್ಕರಿಸಬಹುದು. ಆಗ ಮಾತ್ರ ಎರಡು ಒತ್ತುಗಳ ನಡುವೆ ಹಳೇ ರಿಮೋಟನ್ನು ಬೇರೆ ಕಡೆ ತಿರುಗಿಸಿ, ಜೀವ ಇರುವ ಇನ್ನೊಂದು ಗುಂಡಿ ಒಮ್ಮೆ ಒತ್ತಿ. ಬಿಟ್ ಮೊದಲಿನದಕ್ಕೇ ಬರುತ್ತದೆ.

ಕಲಿತ ಗುಂಡಿಗಳು ಕೋಡಿನವುಗಳಷ್ಟು ದೂರದಿಂದ ಕೆಲಸ ಮಾಡದಿರಬಹುದು. ಆರ್‌ಸಿ-5ರ ಬೆಳಕು ಮಿನುಗುವುದು 36 ಕಿಲೋಹರ್ಟ್ಸ್‌ನಲ್ಲಿ. ಅಗ್ಗದ ಕಲಿಯುವ ರಿಮೋಟುಗಳು ಅದನ್ನು ಅಳೆಯದೆ, ಸಾಮಾನ್ಯವಾಗಿ ಬಳಕೆಯಲ್ಲಿರುವ 38ರಲ್ಲೇ ಕಳಿಸಿಬಿಡುತ್ತವೆ. ಟೀವಿ ಹಿಡಿಯುತ್ತದೆ, ಆದರೆ ಸ್ವಲ್ಪ ಹತ್ತಿರ ಹೋಗಿ ಗುರಿ ಇಟ್ಟು ಒತ್ತಬೇಕು. ಅತ್ತೆಯ ಜಗಲಿಯಲ್ಲಿ ಮಂಚದಿಂದ ಟೀವಿಗೆ ದೂರ ಜಾಸ್ತಿ ಇಲ್ಲ, ನಡೆಯುತ್ತದೆ.

ಕ್ರಮ ಮಾತ್ರ ತಪ್ಪಬೇಡಿ: ಮೊದಲು ಕೋಡ್, ಆಮೇಲೆ ಕಲಿಕೆ. ಕೆಲವು ರಿಮೋಟುಗಳಲ್ಲಿ ಕೋಡ್ ಮತ್ತೆ ಹಾಕಿದರೆ ಕಲಿತದ್ದು ಅಳಿಸಿಹೋಗುತ್ತದೆ. ಸೆಲ್ ತೆಗೆದು ಬಹಳ ಹೊತ್ತು ಇಟ್ಟರೆ ಎಲ್ಲವನ್ನೂ ಮರೆಯುವ ರಿಮೋಟೂ ಇವೆ, ಅದಕ್ಕೆ ಹೊಸ ಸೆಲ್ ಕೈಯಲ್ಲಿ ಹಿಡಿದುಕೊಂಡೇ ಹಳೇದನ್ನು ತೆಗೆಯಿರಿ. ಹುಡುಕಾಟದಲ್ಲಿ ಸಿಕ್ಕ ಕೋಡಿನ ಅಂಕಿಯನ್ನು ಓದಿಕೊಳ್ಳುವ ವಿಧಾನ ಚೀಟಿಯಲ್ಲಿದ್ದರೆ ಓದಿ, ಸೆಲ್ ಮುಚ್ಚಳದ ಒಳಗೆ ಬರೆದಿಡಿ. ಕಲಿಸಿದ ಗುಂಡಿಗಳಿಗೆ ಅಂಥ ಅಂಕಿ ಇಲ್ಲ. ಅವು ಅಳಿಸಿದರೆ ಮತ್ತೆ ಹಳೇ ರಿಮೋಟೇ ಬೇಕು, ಅದನ್ನು ಎಸೆಯದೆ ಸೆಲ್ ತೆಗೆದು ಒಣಗಿದ ಕಡೆ ಇಡಲು ಹೇಳಿ ಬಂದಿದ್ದೇನೆ.